ಬೆಕ್ಕು ಎಲ್ಲಿದೆ? ಮಕ್ಕಳ ಪುಸ್ತಕಕ್ಕೆ ಚಿತ್ರ ಕಳಿಸುವ ಮುಂಚೆ ಮಾಡಬೇಕಾದ ತಪಾಸಣೆ

ರಾತ್ರಿ ಹೊತ್ತು. ಕೆಂಪು ಫ್ರಾಕಿನ ಹುಡುಗಿ ಟಾರ್ಚ್ ಹಿಡಿದು ಮರದ ಕೆಳಗೆ ನಿಂತಿದ್ದಾಳೆ. ಮರದ ಮೇಲೆ ಅವಳ ಕಳೆದುಹೋದ ಬೆಕ್ಕಿನ ಮರಿ. ಹಿಂದೆ ಹಸಿರು ಪೊದೆ, ಮೇಲೆ ದುಂಡನೆ ಚಂದ್ರ, ಸುತ್ತ ಮಿಂಚುಹುಳ. ಈ ಚಿತ್ರ ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ಒಂದೊಂದು ಎಲೆಗೂ ಬೇರೆ ಬೇರೆ ಬಣ್ಣ ಹಚ್ಚಿದ್ದೆ. ಕಥೆಯ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಅದರ ಜೊತೆ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ವಾಪಸ್ ಬಂತು. ಕಲಾ ಸಂಪಾದಕರು ಬರೆದಿದ್ದು ಒಂದೇ ಸಾಲು: ‘ಬೆಕ್ಕು ಎಲ್ಲಿದೆ?’

ಎರಡು ದಿನ ಸಿಟ್ಟು ಬಂತು. ಬೆಕ್ಕು ಅಲ್ಲೇ ಇದೆಯಲ್ಲ, ಬಲಗಡೆ ಕೊಂಬೆಯ ಮೇಲೆ, ಮೀಸೆ ಸಮೇತ! ಮೂರನೇ ದಿನ ಚಿತ್ರವನ್ನು ಕಪ್ಪುಬಿಳುಪು ಮಾಡಿ ನೋಡಿದೆ. ನಿಜವಾಗಿಯೂ ಬೆಕ್ಕು ಇರಲಿಲ್ಲ. ಹುಡುಗಿಯೂ ಅರ್ಧ ಮಾಯವಾಗಿದ್ದಳು. ಉಳಿದಿದ್ದು ಚಂದ್ರ ಒಬ್ಬನೇ.

ಅವತ್ತಿನಿಂದ ಯಾವ ಚಿತ್ರ ಕಳಿಸುವುದಿದ್ದರೂ ಮೊದಲು ಒಂದು ತಪಾಸಣೆ ಮಾಡುತ್ತೇನೆ. ಅರ್ಧ ಗಂಟೆಯ ಕೆಲಸ. ಅದನ್ನು ಇದೇ ಬೆಕ್ಕಿನ ಚಿತ್ರದ ಮೇಲೆ ಮಾಡಿ ತೋರಿಸುತ್ತೇನೆ. ನಿಮ್ಮದೊಂದು ಮುಗಿದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.

ಮೊದಲು ವಾಕ್ಯ

ಚಿತ್ರ ನೋಡುವ ಮುಂಚೆ ಆ ಪುಟದಲ್ಲಿ ಬರುವ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಪುಟದ ಮಾತು ಇಷ್ಟು: ‘ಅವಳು ಕೂಗಿದಳು. ಯಾರೂ ಓಗೊಡಲಿಲ್ಲ. ಮರದ ಮೇಲೆ ಎರಡು ಕಣ್ಣು ಹೊಳೆದವು.’

ಇದರ ಕೆಳಗೆ ಎರಡು ಸಾಲು ಬರೆಯಿರಿ. ಕಣ್ಣು ಮೊದಲು ಎಲ್ಲಿಗೆ ಹೋಗಬೇಕು? ಆಮೇಲೆ ಎಲ್ಲಿಗೆ? ನನ್ನ ಉತ್ತರ: ಮೊದಲು ಬೆಕ್ಕಿನ ಕಣ್ಣು, ಆಮೇಲೆ ಹುಡುಗಿಯ ಮುಖ. ಹುಡುಗಿ ಮೊದಲು, ಬೆಕ್ಕು ಆಮೇಲೆ ಅಂತಲೂ ಇಟ್ಟುಕೊಳ್ಳಬಹುದಿತ್ತು, ಅದೂ ತಪ್ಪಲ್ಲ. ಆದರೆ ಯಾವುದೋ ಒಂದನ್ನು ಆರಿಸಲೇಬೇಕು. ‘ಎರಡೂ ಒಟ್ಟಿಗೆ’ ಎಂದರೆ ಆರಿಸಿಲ್ಲ ಅಂತಲೇ ಅರ್ಥ.

ಇದನ್ನು ಮೊದಲೇ ಬರೆದಿಡುವುದಕ್ಕೆ ಕಾರಣ ಇದೆ. ಬರೆದವರಿಗೆ ತಮ್ಮ ಚಿತ್ರ ಬಾಯಿಪಾಠ ಆಗಿರುತ್ತದೆ. ಬೆಕ್ಕು ಎಲ್ಲಿದೆ ಅಂತ ನಿಮಗೆ ಗೊತ್ತು, ಹಾಗಾಗಿ ನಿಮ್ಮ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಅದನ್ನು ಕಂಪೊಸಿಷನ್, ಅಂದರೆ ಚಿತ್ರದೊಳಗಿನ ಜೋಡಣೆ, ಮಾಡಿದ ಕೆಲಸ ಅಂದುಕೊಂಡುಬಿಡುತ್ತೀರಿ. ಚೀಟಿ ಬರೆದಿದ್ದರೆ ಆಮೇಲೆ ಅಳೆದು ನೋಡುವುದಕ್ಕೆ ಒಂದು ಗೆರೆ ಇರುತ್ತದೆ.

ಮಕ್ಕಳ ಪುಸ್ತಕದಲ್ಲಿ ಇದಕ್ಕೆ ಇನ್ನೊಂದು ತೂಕವೂ ಇದೆ. ದೊಡ್ಡವರು ಓದುತ್ತಿರುವಾಗ ಮಗು ಚಿತ್ರ ನೋಡುತ್ತಿರುತ್ತದೆ. ಮಾತು ಕಿವಿಗೆ ಬೀಳುವ ಹೊತ್ತಿಗೆ ಆ ಕಣ್ಣುಗಳು ಸಿಗಬೇಕು. ಮೂಲೆಯ ಬಸವನಹುಳವನ್ನೂ ಬೇಲಿ ಮೇಲಿನ ಗೂಬೆಯನ್ನೂ ಮಗು ಹತ್ತನೇ ಸಲ ಓದಿಸಿಕೊಳ್ಳುವಾಗ ತಾನೇ ಹುಡುಕಿಕೊಳ್ಳುತ್ತದೆ. ಅವುಗಳಿಗೆ ಅವಸರ ಇಲ್ಲ.

ಚಿಕ್ಕದು ಮಾಡಿ, ಮೂರು ಸೆಕೆಂಡ್ ತೋರಿಸಿ

ಚಿತ್ರವನ್ನು ಪರದೆಯ ಮೇಲೆ ಐದು ಸೆಂಟಿಮೀಟರ್ ಅಗಲಕ್ಕೆ ಇಳಿಸಿ. ಕಾಗದದ ಮೇಲಿನ ಚಿತ್ರವಾದರೆ ಗೋಡೆಗೆ ಒರಗಿಸಿ ನಾಲ್ಕೈದು ಹೆಜ್ಜೆ ಹಿಂದೆ ಹೋಗಿ. ಕಣ್ಣು ಕಿರಿದು ಮಾಡಿ ನೋಡಿ, ರೆಪ್ಪೆಗಳು ಇನ್ನೇನು ಕೂಡುತ್ತವೆ ಅನ್ನುವಷ್ಟು. ಎಲೆ, ಕೂದಲು, ಬಟ್ಟೆಯ ಹೂವು ಎಲ್ಲ ಅಳಿಸಿಹೋಗಿ ದೊಡ್ಡ ಕಪ್ಪು, ದೊಡ್ಡ ಬಿಳುಪು ಅಷ್ಟೇ ಉಳಿಯುತ್ತವೆ. ಕಂಪೊಸಿಷನ್ ಅಂದರೆ ಆ ತುಂಡುಗಳೇ. ಕಲಾ ಸಂಪಾದಕರ ಮುಂದೆಯೂ ನಿಮ್ಮ ಚಿತ್ರ ಮೊದಲು ಬರುವುದು ಬಹಳ ಸಲ ಇಷ್ಟೇ ಚಿಕ್ಕದಾಗಿ, ಬೇರೆಯವರ ಚಿತ್ರಗಳ ಸಾಲಿನಲ್ಲಿ.

ಆಮೇಲೆ ಈ ಚಿತ್ರವನ್ನು ಮೊದಲು ನೋಡಿರದ ಯಾರಿಗಾದರೂ ಮೂರು ಸೆಕೆಂಡ್ ತೋರಿಸಿ ಮುಚ್ಚಿಬಿಡಿ. ‘ಹೇಗಿದೆ?’ ಅಂತ ಮಾತ್ರ ಕೇಳಬೇಡಿ. ‘ಚೆನ್ನಾಗಿದೆ’ ಅನ್ನುತ್ತಾರೆ, ಪಾಪ, ಬೇರೇನು ಹೇಳಿಯಾರು? ‘ಏನು ಕಂಡಿತು?’ ಎಂದು ಕೇಳಿ. ಅವರು ಹೇಳುವ ಮೊದಲ ಎರಡು ಪದಗಳನ್ನು ಚೀಟಿಯ ಪಕ್ಕ ಬರೆದುಕೊಳ್ಳಿ.

ನನ್ನ ತಂಗಿ ಹೇಳಿದ್ದು: ‘ಚಂದ್ರ. ಬೇಲಿ. ಒಂದು ಹುಡುಗಿ ಇದ್ದಳಾ?’

ಇಬ್ಬರು ಮೂವರಿಗೆ ತೋರಿಸಿದರೆ ಸಾಕು. ಚಿತ್ರದ ಮೇಲೆ ಬಾಣ ಎಳೆದು ‘ಕಣ್ಣು ಇಲ್ಲಿಂದ ಹೀಗೆ ಹರಿಯುತ್ತದೆ’ ಅನ್ನುವ ಪಾಠಗಳನ್ನು ನೋಡಿರುತ್ತೀರಿ. ನನಗೆ ಅವುಗಳ ಮೇಲೆ ಅಷ್ಟು ನಂಬಿಕೆ ಇಲ್ಲ. ಕಣ್ಣು ನೀರಿನ ಹಾಗೆ ಹರಿಯುವುದಿಲ್ಲ, ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಆಲ್‌ಫ್ರೆಡ್ ಯಾರ್ಬಸ್ ಎಂಬ ರಷ್ಯಾದ ವಿಜ್ಞಾನಿ ಒಂದೇ ಚಿತ್ರವನ್ನು ಬೇರೆ ಬೇರೆ ಪ್ರಶ್ನೆ ಕೇಳಿ ತೋರಿಸಿ, ಪ್ರಶ್ನೆ ಬದಲಾದ ಹಾಗೆ ಕಣ್ಣು ಕುಪ್ಪಳಿಸುವ ಜಾಗವೂ ಬದಲಾಗುತ್ತದೆ ಎಂದು ದಾಖಲಿಸಿದ್ದರು. ನಮ್ಮ ಕೈಯಲ್ಲಿರುವುದು ಮೊದಲ ಒಂದೆರಡು ಕುಪ್ಪಳಿಕೆ ಮಾತ್ರ. ಅದನ್ನು ಹಿಡಿದರೆ ಆಯಿತು.

ಬಣ್ಣ ತೆಗೆಯುವುದು, ಆದರೆ ಸರಿಯಾದ ಗುಂಡಿ ಒತ್ತಿ

ಟೋನ್ ಅಂದರೆ, ಕೆಲವರು ವ್ಯಾಲ್ಯೂ ಅನ್ನುತ್ತಾರೆ, ಒಂದು ಬಣ್ಣ ಎಷ್ಟು ತಿಳಿ ಅಥವಾ ಎಷ್ಟು ಗಾಢ ಅನ್ನುವುದು. ಅದು ಕೆಂಪೋ ಹಸಿರೋ ಅನ್ನುವುದು ಬೇರೆ ಮಾತು. ಬಣ್ಣಗಳು ಗಲಾಟೆ ಮಾಡುತ್ತಿರುವಾಗ ಟೋನ್ ಕಾಣುವುದು ಕಷ್ಟ. ಅದಕ್ಕೇ ಬಣ್ಣ ತೆಗೆದು ನೋಡುವುದು.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಅದರಲ್ಲಿ ಬೀಳುತ್ತಾರೆ. ನಾನೂ ಬಿದ್ದಿದ್ದೆ. ಫೋಟೋಶಾಪ್‌ನಲ್ಲಿ `Desaturate` ಎಂಬ ಆಜ್ಞೆ ಇದೆ. ಒತ್ತಿದರೆ ಬಣ್ಣ ಹೋಗುತ್ತದೆ, ನಿಜ. ಆದರೆ ಅದು ಲೆಕ್ಕ ಹಾಕುವ ರೀತಿ ನಮ್ಮ ಕಣ್ಣಿನದಲ್ಲ. ಕೆಂಪು, ಹಸಿರು, ನೀಲಿ ಮೂರು ಅಂಕಿಗಳಲ್ಲಿ ಅತಿ ದೊಡ್ಡದನ್ನೂ ಅತಿ ಚಿಕ್ಕದನ್ನೂ ಕೂಡಿಸಿ ಅರ್ಧ ಮಾಡುತ್ತದೆ, ಅಷ್ಟೇ. ಹಾಗಾಗಿ ಅಪ್ಪಟ ಹಳದಿಯೂ ಅಪ್ಪಟ ನೀಲಿಯೂ ಅದರಲ್ಲಿ ಒಂದೇ ಬೂದು ಆಗಿಬಿಡುತ್ತವೆ. ಹಳದಿ ಎಷ್ಟು ತಿಳಿ, ನೀಲಿ ಎಷ್ಟು ಗಾಢ ಅನ್ನುವುದು ಯಾರಿಗೂ ಕಾಣುತ್ತದೆ, ಅಲ್ವಾ? ಆ ಗುಂಡಿಗೆ ಮಾತ್ರ ಕಾಣುವುದಿಲ್ಲ.

ನಮ್ಮ ಕಣ್ಣಿಗೆ ಹಸಿರು ಬೆಳಕು ಜಾಸ್ತಿ ಪ್ರಖರ, ಕೆಂಪು ಅದಕ್ಕಿಂತ ಕಡಿಮೆ, ನೀಲಿ ತೀರಾ ಕಡಿಮೆ. ಆ ತೂಕ ಹಾಕಿ ಲೆಕ್ಕ ಮಾಡಿದರೆ ಸರಿಯಾದ ಬೂದು ಸಿಗುತ್ತದೆ. ಸೂತ್ರ ಇದು. R, G, B ಅಂದರೆ ಕೆಂಪು, ಹಸಿರು, ನೀಲಿಯ ಅಂಕಿಗಳು, Y ಅಂದರೆ ಸಿಗುವ ಬೂದು. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳುಪು:

```
Y = 0.30 R + 0.59 G + 0.11 B
```

ಇದನ್ನು ಕೂತು ಲೆಕ್ಕ ಹಾಕಬೇಕಾಗಿಲ್ಲ. ಎಲ್ಲ ಪದರಗಳ ಮೇಲೆ ಒಂದು ಹೊಸ ಪದರ ಹಾಕಿ, ಪೂರ್ತಿ ಕಪ್ಪು ತುಂಬಿ, ಅದರ ಬ್ಲೆಂಡ್ ಮೋಡ್ ಅನ್ನು `Color` ಮಾಡಿ. ಕೆಳಗಿನ ಚಿತ್ರ ಕಪ್ಪುಬಿಳುಪು ಆಗಿ ಕಾಣುತ್ತದೆ, ಟೋನ್ ಮಾತ್ರ ಹಾಗೇ ಉಳಿಯುತ್ತದೆ. ಆ ಪದರವನ್ನು ಮರೆಮಾಡಿದರೆ ಬಣ್ಣ ವಾಪಸ್. ಪ್ರೊಕ್ರಿಯೇಟ್‌ನಲ್ಲೂ ಇದೇ ದಾರಿ. ನಾನು ಈಗ ಬಣ್ಣ ಹಚ್ಚುವಾಗಲೇ ಈ ಪದರ ಇಟ್ಟುಕೊಂಡಿರುತ್ತೇನೆ, ಗಂಟೆಗೊಮ್ಮೆ ಹಾಕಿ ತೆಗೆದು ನೋಡುತ್ತೇನೆ. ಕಾಗದದ ಚಿತ್ರಕ್ಕೆ ಫೋನ್ ಕ್ಯಾಮೆರಾದ ಕಪ್ಪುಬಿಳುಪು ಫಿಲ್ಟರ್ ಸಾಕು. ಆದರೆ ದೀಪ ಒಂದೇ ಪಕ್ಕದಿಂದ ಬೀಳದ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ಚಿತ್ರದ ಒಂದು ಬದಿ ಸುಮ್ನೆ ಗಾಢವಾಗಿ ಕಂಡು ದಾರಿ ತಪ್ಪಿಸುತ್ತದೆ.

ಈಗ ನನ್ನ ಹುಡುಗಿಯ ಕಥೆ ಕೇಳಿ. R, G, B ಅಂಕಿಗಳಲ್ಲಿ ಫ್ರಾಕಿನ ಕೆಂಪು 200, 60, 50. ಹಿಂದಿನ ಪೊದೆಯ ಹಸಿರು 70, 125, 60. ಬಣ್ಣದಲ್ಲಿ ನೋಡಿದರೆ ಹಸಿರಿನ ಮೇಲೆ ಕೆಂಪು ಕಿರುಚುತ್ತದೆ. `Desaturate` ಒತ್ತಿದರೆ ಫ್ರಾಕು 125, ಪೊದೆ ಸುಮಾರು 92. ‘ಪರವಾಗಿಲ್ಲ, ವ್ಯತ್ಯಾಸ ಇದೆ’ ಎಂದು ನಾನು ಚಿತ್ರ ಕಳಿಸುವ ಮುಂಚೆ ಸಮಾಧಾನ ಪಟ್ಟುಕೊಂಡಿದ್ದು ಇದನ್ನು ನೋಡಿಯೇ. ಸರಿಯಾದ ತೂಕ ಹಾಕಿದರೆ ಎರಡೂ 101. ಒಂದೇ ಟೋನ್! ಕಪ್ಪುಬಿಳುಪಿನಲ್ಲಿ ಹುಡುಗಿಯ ಮುಖವೂ ಎರಡು ಕಾಲೂ ಪೊದೆಯ ಮುಂದೆ ತೇಲುತ್ತಿದ್ದವು. ನಡುವೆ ಮೈಯೇ ಇಲ್ಲ.

ಬೆಕ್ಕಿನ ಗತಿಯೂ ಅದೇ. ಬೆಚ್ಚನೆ ಕಂದು ಬೆಕ್ಕು, ತಣ್ಣನೆ ಕಂದು ಕೊಂಬೆ. ಎರಡೂ ಸುಮಾರು 70. ಅದರ ಕಣ್ಣು ಎರಡು ಹಳದಿ ಚುಕ್ಕೆ. ಸುತ್ತಲೂ ಅದೇ ಹಳದಿಯ ಹದಿನಾಲ್ಕು ಮಿಂಚುಹುಳ. ಕಣ್ಣು ಯಾವುದು, ಹುಳ ಯಾವುದು, ಮಗು ಹೇಗೆ ಹೇಳಬೇಕು?

‘ಪುಸ್ತಕ ಬಣ್ಣದಲ್ಲೇ ಅಚ್ಚಾಗುತ್ತದಲ್ಲ, ಕಪ್ಪುಬಿಳುಪಿನಲ್ಲಿ ಕಾಣದಿದ್ದರೆ ಏನು?’ ಎಂದು ಕೇಳಬಹುದು. ಹತ್ತಿರದಿಂದ ನೋಡಿದರೆ ಬಣ್ಣದ ವ್ಯತ್ಯಾಸವೂ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಆಕಾರವನ್ನು ದೂರದಿಂದ, ಮಂದ ಬೆಳಕಿನಲ್ಲಿ, ಚಿಕ್ಕ ಗಾತ್ರದಲ್ಲಿ ಹಿಡಿದು ನಿಲ್ಲಿಸುವುದು ಟೋನ್. ರಾತ್ರಿ ಮಲಗುವ ಹೊತ್ತಿಗೆ ದೀಪ ಸಣ್ಣಗೆ ಮಾಡಿ ಓದುವ ಪುಸ್ತಕ ಇದು. ಕೆಂಪು ಹಸಿರು ಬೇರ್ಪಡಿಸಲು ಬಾರದ ಕಣ್ಣಿನ ಮಕ್ಕಳೂ ಇರುತ್ತಾರೆ. ಅವರಿಗೆ ನನ್ನ ಹುಡುಗಿ ಪೊದೆಯೊಳಗೇ ಸೇರಿಹೋಗುತ್ತಿದ್ದಳು.

ಮೂರೇ ಟೋನಿನಲ್ಲಿ

ಕಪ್ಪುಬಿಳುಪು ಮಾಡಿದ ಮೇಲೂ ನೂರಾರು ಬೂದುಗಳು ಉಳಿಯುತ್ತವೆ. ಅವನ್ನು ಮೂರಕ್ಕೆ ಇಳಿಸಿ: ಗಾಢ, ನಡು, ತಿಳಿ. ಕಪ್ಪುಬಿಳುಪು ಪ್ರತಿಯನ್ನು ಸ್ವಲ್ಪ ಮಸುಕು ಮಾಡಿ, `Posterize` ಕೊಟ್ಟು ಅಂಕಿ 3 ಹಾಕಿದರೆ ಒಂದು ಅಂದಾಜು ಸಿಗುತ್ತದೆ. ಆದರೆ ಕಂಪ್ಯೂಟರ್ ಗೆರೆ ಎಳೆಯುವ ಜಾಗ ಯಾವಾಗಲೂ ಸರಿ ಇರುವುದಿಲ್ಲ. ರಾತ್ರಿಯ ಚಿತ್ರವನ್ನು ಒಟ್ಟಿಗೇ ಕಪ್ಪು ಮಾಡಿಹಾಕುತ್ತದೆ. ನನಗೆ ಕೈಯಲ್ಲೇ ಮಾಡುವುದು ಇಷ್ಟ. ಬೆಂಕಿಪೊಟ್ಟಣದಷ್ಟು ಚೌಕ, ಒಂದು ಕಪ್ಪು ಮಾರ್ಕರ್, ಒಂದು ಬೂದು ಮಾರ್ಕರ್, ಕಾಗದದ ಬಿಳುಪು. ಹತ್ತು ನಿಮಿಷ. ಕೈಯಲ್ಲಿ ಮಾಡುವಾಗ ‘ಈ ಪೊದೆ ಗಾಢಕ್ಕೆ ಸೇರಬೇಕೋ ನಡುವಿಗೋ’ ಎಂದು ನೀವೇ ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನವನ್ನು ಚಿತ್ರದಲ್ಲಿ ಮಾಡಿಯೇ ಇರಲಿಲ್ಲ ಅನ್ನುವುದು ಆಗ ಗೊತ್ತಾಗುತ್ತದೆ.

ಏನನ್ನು ನೋಡಬೇಕು? ಎರಡು ವಿಷಯ. ಮೂರರಲ್ಲಿ ಯಾವುದೋ ಒಂದು ಟೋನ್ ಯಜಮಾನ ಆಗಿರಬೇಕು, ಚಿತ್ರದ ಅರ್ಧಕ್ಕಿಂತ ಚೆನ್ನಾಗಿ ಜಾಸ್ತಿ ಜಾಗ ಹಿಡಿದಿರಬೇಕು. ಮೂರೂ ಸಮಪಾಲು ಹಂಚಿಕೊಂಡರೆ ಚಿತ್ರ ಚದುರಂಗದ ಹಲಗೆ ಥರ ಕಾಣುತ್ತದೆ, ರಾತ್ರಿಯೋ ಹಗಲೋ ಅನ್ನುವುದೂ ಹೇಳಲಾಗದು. ಎರಡನೆಯದು, ಅತಿ ಕಡಿಮೆ ಇರುವ ಟೋನ್ ಎಲ್ಲಿ ಬಿದ್ದಿದೆ ಅನ್ನುವುದು. ಕತ್ತಲೆ ಚಿತ್ರದಲ್ಲಿ ತಿಳಿ ಟೋನ್ ಅಪರೂಪ, ಹಾಗಾಗಿ ಕಣ್ಣು ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಹಿಮದ ಚಿತ್ರದಲ್ಲಿ ಇದು ತಲೆಕೆಳಗು, ಅಲ್ಲಿ ಗಾಢವೇ ಅಪರೂಪ.

ನನ್ನ ಚಿತ್ರದಲ್ಲಿ ಗಾಢವೂ ನಡುವೂ ಹೆಚ್ಚುಕಡಿಮೆ ಸಮ. ಉಳಿದ ಚೂರು ತಿಳಿ ಟೋನ್ ಐದು ಕಡೆ ಚೆಲ್ಲಿಹೋಗಿತ್ತು: ಚಂದ್ರ, ಬಲತುದಿಯ ಬಿಳಿ ಬೇಲಿ, ಹುಡುಗಿಯ ಕಾಲುಚೀಲ, ಟಾರ್ಚಿನ ಗಾಜು, ಮಿಂಚುಹುಳಗಳ ಗುಂಪು. ಇರುವ ಹಣವನ್ನೆಲ್ಲ ಚಿಲ್ಲರೆ ಮಾಡಿ ದಾರಿಯುದ್ದಕ್ಕೂ ಎರಚಿಕೊಂಡು ಹೋದ ಹಾಗೆ. ಬೆಕ್ಕಿನ ಹತ್ತಿರ ಬರುವ ಹೊತ್ತಿಗೆ ಜೇಬು ಖಾಲಿ.

ಅತಿ ಗಾಢ ಮತ್ತು ಅತಿ ತಿಳಿ ಎಲ್ಲಿ ಕೂಡುತ್ತವೆ?

ಈ ಪ್ರಶ್ನೆಗೆ ಬೆರಳಿಟ್ಟು ತೋರಿಸಿ. ಆ ಜಾಗ ನಿಮ್ಮ ಚೀಟಿಯ ಮೊದಲ ಸಾಲಿನ ಜಾಗವೇ ಆಗಿದ್ದರೆ ಅರ್ಧ ಕೆಲಸ ಮುಗಿಯಿತು. ನನ್ನದು ಚಂದ್ರನ ಅಂಚು. ಕಡುನೀಲಿ ಆಕಾಶ, ಬೆಳ್ಳನೆ ವೃತ್ತ, ಕತ್ತರಿಸಿದಂಥ ಚೂಪು ಅಂಚು. ಅದೂ ಎಡ ಮೂಲೆಯಲ್ಲಿ, ಕಥೆಯಿಂದ ಎಷ್ಟು ಸಾಧ್ಯವೋ ಅಷ್ಟು ದೂರ.

ಟೋನಿನ ಜೊತೆ ಬೇರೆ ಸೆಳೆತಗಳೂ ಇವೆ. ಮುಖ, ಅದರಲ್ಲೂ ನಮ್ಮ ಕಡೆ ನೋಡುವ ಕಣ್ಣು, ಬಹಳ ಜೋರಾಗಿ ಎಳೆಯುತ್ತದೆ. ಚೂಪು ಅಂಚು ಎಳೆಯುತ್ತದೆ. ಗುಂಪಿನಿಂದ ಬೇರೆ ನಿಂತದ್ದು ಎಳೆಯುತ್ತದೆ. ಚಿತ್ರದೊಳಗಿನವರು ಯಾವ ಕಡೆ ನೋಡುತ್ತಾರೋ ನಾವೂ ಆ ಕಡೆ ತಿರುಗುತ್ತೇವೆ. ನನ್ನ ಹುಡುಗಿ ಬೆಕ್ಕು ಹುಡುಕುವುದು ಬಿಟ್ಟು ಫೋಟೋಗೆ ನಿಂತವಳ ಹಾಗೆ ಓದುಗರನ್ನೇ ನೋಡಿ ನಗುತ್ತಿದ್ದಳು. ಮಕ್ಕಳ ಚಿತ್ರ ಅಂದರೆ ನಗುಮುಖ ಇರಲೇಬೇಕು ಅನ್ನುವ ಹಳೇ ಅಭ್ಯಾಸ.

ಮುಚ್ಚಿ ನೋಡುವ ಪರೀಕ್ಷೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ಚೂರು ಕಾಗದದಿಂದ ಚಂದ್ರನನ್ನು ಮುಚ್ಚಿ. ಕಥೆಗೆ ಏನಾದರೂ ನಷ್ಟ ಆಯಿತೇ? ಇಲ್ಲ. ಬೇಲಿ ಮುಚ್ಚಿ. ಇಲ್ಲ. ಬೆಕ್ಕು ಮುಚ್ಚಿ. ಕಥೆಯೇ ಹೋಯಿತು, ಆದರೆ ಚಿತ್ರ ಮಾತ್ರ ಅಲುಗಾಡಲಿಲ್ಲ! ಇದು ತಲೆಕೆಳಗಾಗಬೇಕು. ಮುಖ್ಯವಾದದ್ದನ್ನು ಮುಚ್ಚಿದರೆ ಚಿತ್ರ ಕುಂಟಬೇಕು. ಉಳಿದವನ್ನು ಮುಚ್ಚಿದರೆ ಉಸಿರಾಡುವಂತಿರಬೇಕು.

ಒಂದು ಮಿತಿಯನ್ನೂ ಹೇಳಬೇಕು. ‘ಹುಡುಕಿ ನೋಡು’ ಥರದ ಪುಟ, ಸಂತೆ ಜಾತ್ರೆಯಂಥ ಕಿಕ್ಕಿರಿದ ಪುಟ ಇದ್ದರೆ ಒಂದೇ ಕೇಂದ್ರ ಬೇಕಾಗಿಲ್ಲ, ಚೆಲ್ಲಿಹೋಗುವುದೇ ಅದರ ಆಟ. ಮಂಜಿನ ಮುಂಜಾವಿನ ಚಿತ್ರದಲ್ಲಿ ಗಾಢ ಟೋನೇ ಇಲ್ಲದಿರಬಹುದು. ಅಂಥದ್ದನ್ನು ಬೇಕೆಂದೇ ಮಾಡಿದ್ದೀರಾ ಅನ್ನುವುದು ಪ್ರಶ್ನೆ. ಚೀಟಿಯಲ್ಲಿ ಬರೆದಿದ್ದರೆ ಬೇಕೆಂದೇ ಮಾಡಿದ್ದು.

ಪುಸ್ತಕದ ಮಡಿಕೆ, ಅಕ್ಷರದ ಜಾಗ

ಗೋಡೆಗೆ ಹಾಕುವ ಚಿತ್ರಕ್ಕೂ ಪುಸ್ತಕದ ಚಿತ್ರಕ್ಕೂ ಇಲ್ಲೇ ವ್ಯತ್ಯಾಸ. ಎರಡು ಪುಟ ಸೇರಿ ಒಂದು ಚಿತ್ರವಾದರೆ ನಡುವೆ ಹೊಲಿಗೆಯ ಮಡಿಕೆ ಬರುತ್ತದೆ. ಅದರ ಎರಡೂ ಕಡೆ ಒಂದೊಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗದಲ್ಲಿ ಮುಖ, ಕೈ, ಅಕ್ಷರ ಯಾವುದೂ ಬೇಡ. ಹೊರ ಅಂಚಿನಲ್ಲಿ ಕತ್ತರಿಸಿ ಹೋಗುವ ಬ್ಲೀಡ್ ಸಾಮಾನ್ಯವಾಗಿ 3 ಮಿಲಿಮೀಟರ್. ಚಿತ್ರವನ್ನು ಪ್ರಿಂಟ್ ತೆಗೆದು ನಡುವೆ ನಿಜವಾಗಿ ಮಡಿಸಿ, ಅರ್ಧ ತೆರೆದು ನೋಡಿ. ಪರದೆಯ ಮೇಲೆ ಗೆರೆ ಎಳೆದು ನೋಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ನನ್ನ ಹುಡುಗಿಯ ಟಾರ್ಚ್ ಹಿಡಿದ ಕೈ ಸರಿಯಾಗಿ ಮಡಿಕೆಯೊಳಗೆ ಹೋಗಿತ್ತು.

ಎಡದಿಂದ ಬಲಕ್ಕೆ ಓದುವ ಭಾಷೆಯಲ್ಲಿ ಪುಟ ತಿರುವುವ ಕೈ ಬಲಗಡೆ ಇರುತ್ತದೆ. ಮುಂದೇನಾಯಿತು ಅನ್ನುವ ಸೆಳೆತ ಆ ಕಡೆಗೇ ಇರಬೇಕು. ಬೆಕ್ಕು ಬಲಗಡೆ ಇದ್ದದ್ದು ನನ್ನ ಅದೃಷ್ಟ. ತಪ್ಪು ಹುಡುಕಲು ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿ ನೋಡುವ ಅಭ್ಯಾಸ ಒಳ್ಳೆಯದೇ, ಓರೆಯಾದ ಮುಖ ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ‘ತಿರುಗಿಸಿದ್ದೇ ಚೆನ್ನಾಗಿದೆ’ ಎಂದು ಹಾಗೇ ಬಿಟ್ಟುಬಿಡಬೇಡಿ. ಹೊರಟವರು ಮನೆಗೆ ವಾಪಸ್ ಬರುತ್ತಿರುವ ಹಾಗೆ ಕಂಡುಬಿಡಬಹುದು.

ಅಕ್ಷರದ ಜಾಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಟೋನಿನ ಲೆಕ್ಕವನ್ನೇ ಕೆಡಿಸುತ್ತದೆ. ಪ್ರಕಾಶಕರಿಗೆ ಸಾಮಾನ್ಯವಾಗಿ ತಿಳಿ ಜಾಗದ ಮೇಲೆ ಕಪ್ಪು ಅಕ್ಷರ ಇಷ್ಟ. ಓದಲು ಸುಲಭ ಅನ್ನುವುದೊಂದೇ ಕಾರಣವಲ್ಲ. ಅಚ್ಚಿನಲ್ಲಿ ಒಂದೊಂದು ಮಸಿಗೂ ಒಂದೊಂದು ಪ್ಲೇಟ್ ಇರುವುದರಿಂದ, ಅದೇ ಪುಸ್ತಕ ಇನ್ನೊಂದು ಭಾಷೆಯಲ್ಲಿ ಬಂದರೆ ಕಪ್ಪು ಮಸಿಯ ಪ್ಲೇಟ್ ಒಂದನ್ನೇ ಬದಲಿಸಿದರೆ ಸಾಕಾಗುತ್ತದೆ. ಕತ್ತಲೆಯ ಮೇಲೆ ಬಿಳಿ ಅಕ್ಷರ ಬಿಟ್ಟರೆ ಎಲ್ಲ ಪ್ಲೇಟುಗಳನ್ನೂ ಹೊಸದಾಗಿ ಮಾಡಬೇಕು, ಖರ್ಚು ಜಾಸ್ತಿ. ಹಾಗಾದರೆ ರಾತ್ರಿಯ ಚಿತ್ರದಲ್ಲಿ ತಿಳಿ ಜಾಗ ಎಲ್ಲಿಂದ ತರುವುದು? ತಂದರೆ ಅದೇ ಎರಡನೇ ಚಂದ್ರ ಆಗಿಬಿಡುವುದಿಲ್ಲವೇ?

ದಾರಿ ಇರುವುದು ಅಂಚಿನಲ್ಲಿ. ತಿಳಿ ಜಾಗವೊಂದೇ ಕಣ್ಣನ್ನು ಅಷ್ಟು ಎಳೆಯುವುದಿಲ್ಲ. ತಿಳಿ ಮತ್ತು ಗಾಢ ಚೂಪಾಗಿ ಕೂಡುವ ಗೆರೆ ಎಳೆಯುತ್ತದೆ. ಎಡಗಡೆ ಕೆಳಗೆ ಒಂದು ಮಣ್ಣಿನ ಹಾದಿ ಇಟ್ಟು, ಅದನ್ನು 165ರ ಸುಮಾರಿಗೆ ತಿಳಿ ಮಾಡಿ, ಅಂಚುಗಳು ಮೆಲ್ಲನೆ ಕತ್ತಲೆಗೆ ಕರಗುವ ಹಾಗೆ ಬಿಟ್ಟೆ. ಕಪ್ಪು ಅಕ್ಷರ ಅದರ ಮೇಲೆ ಆರಾಮಾಗಿ ಕೂತಿತು. ಕಣ್ಣು ಕಿರಿದು ಮಾಡಿದರೆ ಹಾದಿ ಹಿಂದೆ ಸರಿಯುತ್ತದೆ. ಮೊದಲ ಚಿತ್ರದಲ್ಲಿ ಅಕ್ಷರಕ್ಕೆ ಜಾಗವೇ ಇಟ್ಟಿರಲಿಲ್ಲ, ‘ಹುಲ್ಲಿನ ಮೇಲೆ ಎಲ್ಲೋ ಬರುತ್ತದೆ’ ಅಂದುಕೊಂಡಿದ್ದೆ.

ತಿದ್ದಿದ್ದು ಹೇಗೆ

ಬೆಕ್ಕನ್ನು ಬಿಳಿ ಮಾಡಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಅದು 32 ಪುಟದುದ್ದಕ್ಕೂ ಕಂದು ಬೆಕ್ಕು. ಒಂದು ಪುಟದ ತೊಂದರೆಗೆ ಪಾತ್ರದ ಬಣ್ಣ ಬದಲಿಸಲು ಹೋದರೆ ಪುಸ್ತಕವೆಲ್ಲ ಮತ್ತೆ ಬರೆಯಬೇಕು. ಇಂಥ ಕಡೆ ಪಾತ್ರವನ್ನು ಮುಟ್ಟದೆ ಹಿನ್ನೆಲೆಯನ್ನು ಸರಿಸಬೇಕು.

ಟಾರ್ಚಿನ ಬೆಳಕನ್ನು ಬೆಕ್ಕಿನ ಹಿಂದಿನ ಎಲೆಗಳ ಮೇಲೆ ಬೀಳಿಸಿದೆ. ಅಲ್ಲಿ ತಟ್ಟೆಯಾಕಾರದ ಒಂದು ತಿಳಿ ಜಾಗ ಆಯಿತು, ಸುಮಾರು 200. ಅದರ ಮುಂದೆ ಬೆಕ್ಕಿನ ಆಕಾರ ಕಿವಿ ಸಮೇತ ಎದ್ದು ನಿಂತಿತು. ಬೆಕ್ಕಿನ ಗಾಢ ಮುಖದೊಳಗೆ ಎರಡು ಹಳದಿ ಕಣ್ಣು. ತಿಳಿಯೊಳಗೆ ಗಾಢ, ಗಾಢದೊಳಗೆ ತಿಳಿ. ಚಿತ್ರದಲ್ಲಿ ಇಂಥ ಜಾಗ ಇದೊಂದೇ. ನಿಜವಾಗಿ ನೋಡಿದರೆ ಆ ಬೆಳಕು ಬೆಕ್ಕಿನ ಮೇಲೂ ಬೀಳಬೇಕಿತ್ತು. ಮೋಸವೇ. ಇದುವರೆಗೆ ಯಾರೂ ಕೇಳಿಲ್ಲ.

ಚಂದ್ರನನ್ನು ತೆಗೆದೇಬಿಟ್ಟೆ. ಮೊದಲು ಮಂಕು ಮಾಡಿ ನೋಡಿದೆ, ಮೋಡ ಅಡ್ಡ ತಂದು ನೋಡಿದೆ, ಎರಡು ಸಂಜೆ ಹೋಯಿತು. ಇಷ್ಟಪಟ್ಟು ಬರೆದ ಚಂದ್ರ, ಬಿಡಲು ಮನಸ್ಸಿರಲಿಲ್ಲ. ಕೊನೆಗೆ ಅವನು ಚಿತ್ರದ ಹೊರಗೆ ಹೋದ. ಎಲೆಗಳ ಮೇಲಂಚಿನ ಮೇಲೆ ಅವನ ಬೆಳಕು ಸ್ವಲ್ಪ ಉಳಿಯಿತು. ಬೇಲಿಯನ್ನು ನಡು ಟೋನಿಗೆ ಇಳಿಸಿದೆ. ಮಿಂಚುಹುಳ ಹದಿನಾಲ್ಕರಿಂದ ಮೂರಕ್ಕೆ ಬಂತು, ಎಡಗಡೆ ದೂರದಲ್ಲಿ, ಹಸಿರು ಬೆರೆಸಿದ ಮಂಕು ಬಣ್ಣದಲ್ಲಿ.

ಹುಡುಗಿಯ ಫ್ರಾಕಿನ ಕೆಂಪನ್ನು ಮುಟ್ಟಲಿಲ್ಲ. ಹಿಂದಿನ ಪೊದೆಯನ್ನು 30, 55, 45ಕ್ಕೆ ಇಳಿಸಿದೆ. ಅದರ ಟೋನ್ ಈಗ 46. ಫ್ರಾಕಿನ 101 ಅದರ ಮುಂದೆ ನಿಚ್ಚಳವಾಗಿ ಕಾಣುತ್ತದೆ. ಮಡಿಕೆಯಿಂದ ಮೂರು ಸೆಂಟಿಮೀಟರ್ ಎಡಕ್ಕೆ ಸರಿಸಿ, ತಲೆಯನ್ನು ಬೆಕ್ಕಿನ ಕಡೆ ಎತ್ತಿಸಿದೆ. ಮುಖ ಈಗ ಪಕ್ಕದಿಂದ ಕಾಣುತ್ತದೆ, ಬಾಯಿ ಅರ್ಧ ತೆರೆದಿದೆ. ನಗು ಹೋಯಿತು. ‘ಯಾರೂ ಓಗೊಡಲಿಲ್ಲ’ ಅನ್ನುವ ಮಾತಿನ ಪಕ್ಕ ಅದೇ ಸರಿ.

ಮತ್ತೆ ಮೂರು ಟೋನಿನ ಚೌಕ ಮಾಡಿದೆ. ಗಾಢ ಮೂರರಲ್ಲಿ ಎರಡು ಪಾಲು. ನಡು ಕಾಲು ಪಾಲಿನಷ್ಟು. ತಿಳಿ ಅನ್ನುವುದು ಬೆಕ್ಕಿನ ಹಿಂದೆ ಮತ್ತು ಕರಗಿದ ಹಾದಿಯಲ್ಲಿ ಮಾತ್ರ. ತಂಗಿ ಈಗಾಗಲೇ ಒಮ್ಮೆ ನೋಡಿದ್ದರಿಂದ ಪಕ್ಕದ ಮನೆಯ ಆರು ವರ್ಷದ ಹುಡುಗನಿಗೆ ಮೂರು ಸೆಕೆಂಡ್ ತೋರಿಸಿದೆ. ‘ಬೆಕ್ಕು! ಅದು ಇಳಿಯಕ್ಕಾಗಲ್ವಾ ಆಂಟಿ?’

ಕಾಗದದ ಮೇಲೆ, ಕೊನೆಯದಾಗಿ

ಪರದೆ ಬೆಳಕು ಚೆಲ್ಲುತ್ತದೆ, ಕಾಗದ ಬಿದ್ದ ಬೆಳಕನ್ನು ತಿರುಗಿಸುತ್ತದೆ ಅಷ್ಟೇ. ಹೊಳಪಿಲ್ಲದ ಕಾಗದ ಮಸಿಯನ್ನು ಹೀರಿಕೊಂಡು ಅಚ್ಚಿನ ಮಸಿಚುಕ್ಕೆಗಳು ಸ್ವಲ್ಪ ಹರಡುತ್ತವೆ, ನಡು ಟೋನ್‌ಗಳು ಗಾಢಕ್ಕೆ ಜಾರುತ್ತವೆ. ಪರದೆಯ ಮೇಲೆ 30 ಮತ್ತು 46 ಬೇರೆ ಬೇರೆ ಕಾಣುತ್ತಿದ್ದರೂ ಅಚ್ಚಿನಲ್ಲಿ ಒಂದೇ ಮಸಿ ಆಗಿಬಿಡಬಹುದು. ಅದಕ್ಕೇ ಕಥೆಗೆ ಬೇಕಾದ ಆಕಾರ ಯಾವುದನ್ನೂ ಗಾಢ ಟೋನಿನೊಳಗಿನ ಸಣ್ಣ ವ್ಯತ್ಯಾಸದ ಮೇಲೆ ನಿಲ್ಲಿಸಬೇಡಿ. ಪೊದೆಯ ಎಲೆಗಳು ಕಲಸಿಹೋದರೆ ಚಿಂತೆಯಿಲ್ಲ, ಕಾಲು ಕಲಸಿಹೋದರೆ ಕಷ್ಟ. ನಿಜವಾದ ಅಳತೆಯಲ್ಲಿ ಒಂದು ಪ್ರಿಂಟ್ ತೆಗೆದು, ಸಂಜೆ ಸಾಧಾರಣ ದೀಪದಲ್ಲಿ ಎರಡು ಮೀಟರ್ ದೂರದಿಂದ ನೋಡಿ. ಮಕ್ಕಳ ಗುಂಪಿಗೆ ಪುಸ್ತಕ ಎತ್ತಿ ಹಿಡಿದು ಓದುವಾಗ ಹಿಂದಿನ ಸಾಲಿನ ಮಗು ಕೂರುವ ದೂರ ಅದು.

ಡಮ್ಮಿ ಕಳಿಸುವುದಾದರೆ ಇನ್ನೂ ಒಂದು ಕೆಲಸ. ಎಲ್ಲ ಜೋಡಿಪುಟಗಳ ಮೂರು ಟೋನಿನ ಚೌಕಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಅಂಟಿಸಿ. ರಾತ್ರಿಯ ಪುಟಗಳು ಯಾವುವು, ಬೆಳಗಾದದ್ದು ಎಲ್ಲಿ ಅನ್ನುವುದು ಓದದೆಯೇ ತಿಳಿಯಬೇಕು. ನಾನು ಅಂಟಿಸಿದಾಗ ಬೆಕ್ಕು ಸಿಕ್ಕ ಪುಟವೂ ಬೆಕ್ಕು ಸಿಗದ ಪುಟಗಳೂ ಒಂದೇ ಥರ ಕಪ್ಪಗಿದ್ದವು. ಬೆಕ್ಕು ಸಿಕ್ಕ ಪುಟಕ್ಕೆ ಮನೆಯ ಬಾಗಿಲು ತೆರೆಸಿ ಒಳಗಿನ ಬೆಳಕನ್ನು ಹೊರಗೆ ಚೆಲ್ಲಿಸಿದೆ. ಅದನ್ನೂ `Color` ಪದರ ಹಾಕಿ ನೋಡಿದ ಮೇಲೆಯೇ ಲಕೋಟೆ ಮುಚ್ಚಿದ್ದು.